ಐದು ಡಿವೈಸ್ ಲೆಕ್ಕ

ಶಿಕಾಗೋದಿಂದ ಡೆಟ್ರಾಯ್ಟ್‌ಗೆ ಐ-94ರಲ್ಲಿ ನಾಲ್ಕೂವರೆ ತಾಸಿನ ದಾರಿ. ನಡುವೆ ಸಿಗ್ನಲ್ ಹೋದರೂ ಹಾಡು ನಿಲ್ಲಬಾರದು ಅಂತ ನಾವು ಸ್ಪಾಟಿಫೈನಲ್ಲಿ ಮೊದಲೇ ಡೌನ್‌ಲೋಡ್ ಮಾಡ್ಕೊಳ್ತೀವಿ. ಪ್ರೀಮಿಯಂ ಇದ್ದರೆ ಡಿವೈಸಿಗೆ 10,000 ಹಾಡು, ಒಟ್ಟು 5 ಡಿವೈಸ್. 2018ರವರೆಗೆ ಬರೀ 3,333 ಹಾಡು, 3 ಡಿವೈಸ್ ಇತ್ತು. ಹತ್ತು ಸಾವಿರ ಹಾಡು ತುಂಬಿಸೋರು ಯಾರಿದ್ದಾರೆ? ನಮಗೆ ತೊಡಕಾಗೋದು ಆ ಐದರದ್ದೇ.

ಇಳಿಸಿದ ಹಾಡು ಕ್ಯಾಸೆಟ್ ಥರ ಕೊಂಡದ್ದಲ್ಲ, ಬಾಡಿಗೆಗೆ ತಂದದ್ದು. ಹಕ್ಕು ಆಡಿಯೋ ಕಂಪನಿಗಳದು. ಒಂದೇ ಚಂದಾದಲ್ಲಿ ಊರೆಲ್ಲ ಹಂಚಿಕೊಳ್ಳಬಾರದು ಅಂತ ಫೈಲಿಗೆ ಬೀಗ ಹಾಕಿ, ಡಿವೈಸ್ ಎಣಿಸ್ತಾರೆ. ಚಂದಾ ಇನ್ನೂ ನಡೀತಿದೆಯಾ ಅಂತ ನೋಡೋಕೆ 30 ದಿನಕ್ಕೊಮ್ಮೆಯಾದರೂ ಆ ಡಿವೈಸ್ ಆನ್‌ಲೈನ್ ಬರಬೇಕು. ಇಲ್ಲದಿದ್ದರೆ ಹಾಡು ಹೋಯ್ತು.

ಒಂದು ಅಕೌಂಟಿನಲ್ಲಿ ಎರಡು ಫೋನು, ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಡ್ರಾಯರಿನಲ್ಲಿ ಬಿದ್ದಿರೋ ಹಳೇ ಫೋನು ಇವೆ ಅನ್ನಿ, ಐದಾಯ್ತು. ಹೊಸ ಫೋನಿಗೆ ಇಳಿಸಿದರೆ, ಬಹಳ ದಿನದಿಂದ ಬಳಸದ ಡಿವೈಸಿನ ಹಾಡು ತಾನಾಗೇ ಅಳಿಯುತ್ತೆ. ಅದು ಡ್ರಾಯರಿನ ಫೋನಾದರೆ ಪರವಾಗಿಲ್ಲ. ಊರಿಗೆ ಹೋಗುವಾಗ ಮಾತ್ರ ತೆಗೆಯೋ ಟ್ಯಾಬ್ಲೆಟ್ ಆದರೆ ವಿಮಾನ ಹತ್ತಿದ ಮೇಲೇ ಗೊತ್ತಾಗೋದು! ಆದ್ದರಿಂದ ಮೊದಲು ಹಳೇ ಫೋನಿನ ಡೌನ್‌ಲೋಡ್ ತೆಗೆದುಹಾಕಿ, ಆಮೇಲೆ ಹೊಸದಕ್ಕೆ ಇಳಿಸಿ. ಹೊರಡೋ ಹಿಂದಿನ ರಾತ್ರಿ ಏರ್‌ಪ್ಲೇನ್ ಮೋಡ್ ಹಾಕಿ ಒಂದೆರಡು ಹಾಡು ಕೇಳಿ. ಬರದಿದ್ದರೆ ಮನೆ ವೈ-ಫೈನಲ್ಲೇ ಮತ್ತೆ ಇಳಿಸಿಕೊಳ್ಳಬಹುದು.