ಅತಿಥಿಗಳಿಗೆ ಬುತ್ತಿ: ಶೇಂಗಾ ಹೋಳಿಗೆಯೇ ಏಕೆ ಲೇಸು?

ಕುಬಸ, ತೊಟ್ಟಿಲು, ಗೃಹಪ್ರವೇಶ ಮುಂತಾದ ಶುಭಕಾರ್ಯಗಳಲ್ಲಿ ಬಂದವರನ್ನು ಬರಿಗೈಯಲ್ಲಿ ಕಳುಹಿಸದಿರುವುದು ಹಳೇ ಹುಬ್ಬಳ್ಳಿಯ ಮನೆತನಗಳ ರೂಢಿ. ಇತ್ತೀಚೆಗೆ ಪಾತ್ರೆ, ಕುಪ್ಪಸದ ಕಣಗಳ ಬದಲು ತಿನಿಸಿನ ಪೊಟ್ಟಣ ಕೊಡುವವರು ಹೆಚ್ಚಾಗಿದ್ದಾರೆ. ಆದರೆ ಅತಿಥಿಗಳು ಹೊಟ್ಟೆ ತುಂಬ ಉಂಡೇ ಹೊರಡುತ್ತಾರೆ. ಆ ಪೊಟ್ಟಣವನ್ನು ಅವರು ಬಿಚ್ಚುವುದು ಮರುದಿನವೋ ಅದರ ಮರುದಿನವೋ. ಆದುದರಿಂದ ಬುತ್ತಿಯ ತಿನಿಸನ್ನು ಆರಿಸುವಾಗ ಇಂದು ಅದು ಎಷ್ಟು ರುಚಿ ಎಂಬುದಕ್ಕಿಂತ ಮೂರನೆಯ ದಿನ ಹೇಗಿರುತ್ತದೆ ಎಂಬುದನ್ನು ಮೊದಲು ನೋಡಬೇಕು.

ಹೋಳಿಗೆಯನ್ನೇ ತೆಗೆದುಕೊಳ್ಳೋಣ. ಕಡಲೆಬೇಳೆಯ ಹೋಳಿಗೆ ಊಟದ ಎಲೆಗೆ ಶ್ರೇಷ್ಠ, ಬುತ್ತಿಗೆ ಸಲ್ಲದು. ಅದರ ಹೂರಣವು ನೀರಿನಲ್ಲಿ ಬೆಂದ ಬೇಳೆಯದು. ಎಷ್ಟು ಬಸಿದರೂ ತೇವ ಉಳಿದೇ ಉಳಿಯುತ್ತದೆ. ಆ ತೇವದಲ್ಲಿ ಸೂಕ್ಷ್ಮಜೀವಿಗಳು ಬೇಗನೆ ಬೆಳೆಯುತ್ತವೆ. ಬೇಸಿಗೆಯಲ್ಲಿ ಒಂದು ರಾತ್ರಿ ಕಳೆಯುವುದರೊಳಗೆ ಹುಳಿವಾಸನೆ ಬರಬಹುದು. ಮುರಿದಾಗ ಹೂರಣವು ನೂಲಿನಂತೆ ಎಳೆಯೆದ್ದರೆ ಅದು ಕೆಟ್ಟಿದೆಯೆಂದೇ ತಿಳಿಯಬೇಕು. ಶೇಂಗಾ ಹೋಳಿಗೆಯ ಹೂರಣವಾದರೋ ಹುರಿದ ಶೇಂಗಾಪುಡಿ ಮತ್ತು ಬೆಲ್ಲ. ಶೇಂಗಾದ ಎಣ್ಣೆಯೇ ಅದನ್ನು ಹಿಡಿದಿಡುವುದರಿಂದ ನೀರು ಚಿಮುಕಿಸಿದಷ್ಟೇ ಸಾಕು. ಅಲ್ಲಿರುವ ಅಲ್ಪ ತೇವವನ್ನೂ ಬೆಲ್ಲವು ಹಿಡಿದುಕೊಳ್ಳುತ್ತದೆ. ಜೀವಿಗಳಿಗೆ ಅದು ದಕ್ಕುವುದಿಲ್ಲ. ಚೆನ್ನಾಗಿ ಬೇಯಿಸಿ ಆರಿಸಿದ ಶೇಂಗಾ ಹೋಳಿಗೆ ಒಂದು ವಾರ ನಿಶ್ಚಿಂತೆಯಾಗಿ ಉಳಿಯುತ್ತದೆ.

ಲೆಕ್ಕವನ್ನು ತಲೆಗಳಿಂದಲ್ಲ, ಮನೆಗಳಿಂದ ಹಾಕಬೇಕು. ಒಂದು ಕುಬಸಕ್ಕೆ 270 ಜನರನ್ನು ಕರೆಯಲಾಗಿದೆ, ಅವರು 90 ಮನೆಗಳವರು ಎಂದಿಟ್ಟುಕೊಳ್ಳೋಣ. ತಲೆಗೊಂದರಂತೆ ಕೊಟ್ಟರೆ ಒಂದೇ ಮನೆಗೆ ಮೂರು ಪೊಟ್ಟಣಗಳು ಹೋಗಿ, ಕೊನೆಯದು ಕಸದ ಬುಟ್ಟಿ ಸೇರುತ್ತದೆ. ಮನೆಗೊಂದರಂತೆ 90, ಹೆಚ್ಚಿಗೆ 10, ಒಟ್ಟು 100 ಸಾಕು. ಒಂದೊಂದರಲ್ಲಿ ನಾಲ್ಕು ಶೇಂಗಾ ಹೋಳಿಗೆ ಮತ್ತು 100 ಗ್ರಾಂ ಚಕ್ಕಲಿ ಇರಲಿ. ಸಿಹಿ ವರ್ಜ್ಯವಿರುವ ಮಧುಮೇಹಿಗಳಿರುವ ಮನೆಗೂ ಖಾರದ ತಿನಿಸು ಒದಗುತ್ತದೆ. ಆದರೂ ಚಕ್ಕಲಿ ಹಿಟ್ಟಿನದೇ ಆದ್ದರಿಂದ ಅವರು ಮಿತವಾಗಿ ತಿನ್ನುವುದು ಒಳಿತು. 35 ಗ್ರಾಂ ಹೂರಣದ ಉಂಡೆಯಂತೆ ಒಂದು ಕಿಲೋ ಶೇಂಗಾ, ಮುಕ್ಕಾಲು ಕಿಲೋ ಬೆಲ್ಲಕ್ಕೆ ಸುಮಾರು 50 ಹೋಳಿಗೆಗಳಾಗುತ್ತವೆ. 400 ಹೋಳಿಗೆಗೆ ಎಂಟು ಕಿಲೋ ಶೇಂಗಾ, ಆರು ಕಿಲೋ ಬೆಲ್ಲ ಬೇಕು. ಇವನ್ನು ಎರಡು ದಿನ ಮುಂಚೆಯೇ ಮಾಡಿಡಬಹುದಾದ್ದರಿಂದ ಕಾರ್ಯದ ದಿನ ಅಡುಗೆಮನೆಯ ಭಾರವೂ ಇಳಿಯುತ್ತದೆ.

ಕೆಡುಕು ಬರುವುದು ಸಾಮಾನ್ಯವಾಗಿ ಎರಡು ಕಡೆಯಿಂದ. ಮೊದಲನೆಯದು ಶೇಂಗಾ. ಬೂಷ್ಟು ಹಿಡಿದ, ಮುರುಟಿದ, ಬಣ್ಣಗೆಟ್ಟ ಕಾಳುಗಳನ್ನು ಹುರಿಯುವ ಮೊದಲೇ ಆರಿಸಿ ಎಸೆಯಬೇಕು. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವು ಯಕೃತ್ತಿಗೆ ಹಾನಿಕರ. ಹುರಿದರೂ ಅದು ಪೂರ್ತಿ ನಾಶವಾಗದು. ಕೊಳ್ಳುವ ಮುನ್ನ ನಾಲ್ಕು ಕಾಳು ಅಗಿದು ನೋಡಿರಿ. ಕಹಿಯೋ ಕಮಟೋ ಇದ್ದರೆ ಆ ಚೀಲವೇ ಬೇಡ. ಕೆಲವರಿಗೆ ಶೇಂಗಾ ಒಗ್ಗುವುದಿಲ್ಲವಾದ್ದರಿಂದ ಪೊಟ್ಟಣದ ಮೇಲೆ ಅದರ ಹೆಸರನ್ನು ಬರೆಯಲೇಬೇಕು.

ಎರಡನೆಯದು ಅವಸರದಲ್ಲಿ ಕಟ್ಟುವುದು. ಬಿಸಿ ಹೋಳಿಗೆಯನ್ನು ಚೀಲಕ್ಕೆ ತುಂಬಿದರೆ ಉಗಿಯು ಒಳಗೇ ಹನಿಯಾಗಿ ಬೂಷ್ಟಿಗೆ ದಾರಿಮಾಡುತ್ತದೆ. ಹೋಳಿಗೆಗಳನ್ನು ಒಂದರ ಮೇಲೊಂದು ಪೇರಿಸದೆ ಬಟ್ಟೆಯ ಮೇಲೆ ಹರವಿ, ಪೂರ್ತಿ ತಣಿದ ಮೇಲೆಯೇ ಕಟ್ಟಬೇಕು. ಮೊದಲು ಒಂದನ್ನು ಕಟ್ಟಿ ಅರ್ಧ ಗಂಟೆ ಇಟ್ಟು ನೋಡಿರಿ. ಚೀಲದ ಒಳಮೈ ಮಂಜಾದರೆ ಇನ್ನೂ ಕಾಯಬೇಕು. ಚಕ್ಕಲಿಯನ್ನು ಹೋಳಿಗೆಯ ಜೊತೆ ಒಂದೇ ಚೀಲದಲ್ಲಿ ಹಾಕಬಾರದು. ಹೋಳಿಗೆಯ ತೇವವನ್ನು ಚಕ್ಕಲಿ ಹೀರಿ ಮೆತ್ತಗಾಗುತ್ತದೆ. ಮಳೆಗಾಲದಲ್ಲಂತೂ ಅದಕ್ಕೆ ಒಂದು ದಿನವೂ ಬೇಡ. ಹಳೆಯ ಪತ್ರಿಕೆಯಲ್ಲಿ ತಿನಿಸು ಸುತ್ತುವುದನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ನಿಷೇಧಿಸಿದೆ. ಮುದ್ರಣದ ಮಸಿಯು ಎಣ್ಣೆಯೊಂದಿಗೆ ಆಹಾರಕ್ಕೆ ಇಳಿಯುತ್ತದೆ.

ಉಳಿಕೆಗೂ ಮೊದಲೇ ದಾರಿ ಗೊತ್ತುಮಾಡಿರಬೇಕು. ಹೆಚ್ಚಿನ ಹತ್ತು ಪೊಟ್ಟಣಗಳ ತಿನಿಸನ್ನು ಕಟ್ಟದೆ ಒಣಗಿದ ಸ್ಟೀಲ್ ಡಬ್ಬಿಯಲ್ಲಿಟ್ಟು, ಅತಿಥಿಗಳು ಹೆಚ್ಚಾದರೆ ಮಾತ್ರ ಕಟ್ಟಿರಿ. ಉಳಿದರೆ ಮರುದಿನವೇ ನೆರೆಹೊರೆಗೆ, ಅಡುಗೆ ಮತ್ತು ಪೆಂಡಾಲಿನ ಕೆಲಸದವರಿಗೆ ಕೊಡಬಹುದು. ಪ್ರತಿ ಪೊಟ್ಟಣದ ಮೇಲೆ ಮಾಡಿದ ದಿನ ಮತ್ತು “ಏಳು ದಿನದೊಳಗೆ ತಿನ್ನಿರಿ” ಎಂಬ ಒಂದು ಸಾಲು ಇದ್ದರೆ, ಮನೆಗೆ ಒಯ್ದವರು ಅದನ್ನು ಸಂಶಯದಿಂದ ಬಿಸಾಡುವುದೂ ಇಲ್ಲ, ಮರೆತು ಕೆಡಿಸುವುದೂ ಇಲ್ಲ.