‘ಇದ್ದು’ ಕಂಡಲ್ಲಿ ಕತ್ತರಿ

ಪಿಎಚ್.ಡಿ. ಪ್ರಬಂಧದ ಸಾರಾಂಶವೊಂದು ಹೀಗಿದೆ ಎಂದುಕೊಳ್ಳಿ. ವಾಕ್ಯವೂ ಅಂಕಿಗಳೂ ವಿವರಣೆಗಾಗಿ ನಾನೇ ಕಟ್ಟಿದವು:

“ಪ್ರಾಚೀನ ಕಾಲದಿಂದಲೂ ಕೆರೆಗಳು ನಮ್ಮ ಕೃಷಿಯ ಜೀವನಾಡಿಯಾಗಿದ್ದು, ಇತ್ತೀಚೆಗೆ ಹೂಳು ತುಂಬಿ ಅವುಗಳ ಸಾಮರ್ಥ್ಯ ಕುಗ್ಗಿದ್ದು, ಈ ಹಿನ್ನೆಲೆಯಲ್ಲಿ ಕೋಲಾರ ಜಿಲ್ಲೆಯ 12 ಹೊಲಗಳನ್ನು ಆಯ್ದುಕೊಳ್ಳಲಾಗಿದ್ದು, ಹೂಳು ಹಾಕಿದ ಕಡೆ ರಾಗಿ ಇಳುವರಿ ಗಮನಾರ್ಹವಾಗಿ ಹೆಚ್ಚಿರುವುದು ಕಂಡುಬಂದಿದ್ದು, ಮಣ್ಣಿನ ತೇವದ ಮೇಲೆ ಹೂಳಿನ ಪರಿಣಾಮವನ್ನು ತಿಳಿಯುವುದು ಅಧ್ಯಯನದ ಉದ್ದೇಶವಾಗಿದೆ.”

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೂ ಓದುವವರಿಗೆ ಏನೂ ದಕ್ಕುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಇದ್ದು’ ಹಾಕುತ್ತಾ ಹೋದರೆ ವಾಕ್ಯ ಎಷ್ಟು ದೂರ ಬೇಕಾದರೂ ಬೆಳೆಯುತ್ತದೆ. ಹಿನ್ನೆಲೆ, ವಿಧಾನ, ಫಲಿತ ಎಲ್ಲವೂ ಒಂದೇ ಸಮನಾಗಿ ಕೇಳಿಸುತ್ತವೆ. ಆದ್ದರಿಂದ ಮೊದಲ ಕೆಲಸ, ಪ್ರತಿ ‘ಇದ್ದು’ವಿನ ಬಳಿ ವಾಕ್ಯವನ್ನು ಕತ್ತರಿಸುವುದು. ಇಲ್ಲಿ ಐದು ತುಂಡುಗಳಾಗುತ್ತವೆ. ಒಂದೊಂದರ ಪಕ್ಕದಲ್ಲೂ ಪೆನ್ಸಿಲಿನಿಂದ ‘ಉ’, ‘ವಿ’, ‘ಫ’ ಎಂದು ಗುರುತು ಹಾಕಿ. ಮೊದಲೆರಡಕ್ಕೆ ಯಾವ ಗುರುತೂ ಸಲ್ಲುವುದಿಲ್ಲ, ಅವು ಹಿನ್ನೆಲೆ. ಮಿಕ್ಕವು ವಿ, ಫ, ಉ ಎಂದು ತಲೆಕೆಳಗಾಗಿ ನಿಂತಿವೆ.

ಗುರುತು ಹಾಕಿದಾಗಲೇ ಇನ್ನೂ ದೊಡ್ಡ ದೋಷ ಕಣ್ಣಿಗೆ ಬೀಳುತ್ತದೆ. ಉದ್ದೇಶ ಹೇಳುವುದು ತೇವದ ಬಗ್ಗೆ, ಫಲಿತ ಹೇಳುವುದು ಇಳುವರಿಯ ಬಗ್ಗೆ. ಕೇಳಿದ ಪ್ರಶ್ನೆಗೆ ಉತ್ತರವೇ ಬಂದಿಲ್ಲ. ಇದನ್ನು ಬರೀ ಭಾಷೆ ತಿದ್ದಿ ಸರಿಪಡಿಸಲಾಗದು. ಪ್ರಬಂಧದ ಒಳಗೆ ಹೋಗಿ, ನಿಜವಾಗಿ ಏನನ್ನು ಅಳೆದೆವು ಎಂದು ನೋಡಿ ಬರಬೇಕು. ಎರಡನ್ನೂ ಅಳೆದಿದ್ದರೆ ಸಾರಾಂಶ ಹೀಗಾಗುತ್ತದೆ:

“ಕೆರೆಯ ಹೂಳು ಹಾಕಿದರೆ ಮಳೆಯಾಶ್ರಿತ ಹೊಲದಲ್ಲಿ ತೇವ ಹೆಚ್ಚು ದಿನ ಉಳಿಯುತ್ತದೆಯೇ, ರಾಗಿ ಇಳುವರಿ ಏರುತ್ತದೆಯೇ ಎಂದು ತಿಳಿಯುವುದು ಈ ಅಧ್ಯಯನದ ಉದ್ದೇಶ. ಕೋಲಾರ ಜಿಲ್ಲೆಯ 12 ಹೊಲಗಳಲ್ಲಿ ತಲಾ ಎರಡು ತಾಕು ಗುರುತಿಸಿ, ಒಂದಕ್ಕೆ ಮಾತ್ರ ಹೂಳು ಹಾಕಿ, ಒಂದು ಮುಂಗಾರಿನಲ್ಲಿ ದಿನವೂ ತೇವವನ್ನು, ಕಟಾವಿನಲ್ಲಿ ಇಳುವರಿಯನ್ನು ಅಳೆಯಲಾಯಿತು. ಹೂಳು ಹಾಕಿದ ತಾಕುಗಳಲ್ಲಿ ಮಳೆ ನಿಂತ ಮೇಲೆ ತೇವ ಸರಾಸರಿ 4 ದಿನ ಹೆಚ್ಚು ಉಳಿಯಿತು. ಎಕರೆಗೆ 6 ಕ್ವಿಂಟಲ್ ಇದ್ದ ಇಳುವರಿ 7 ಕ್ವಿಂಟಲ್ ಆಯಿತು.”

‘ಗಮನಾರ್ಹವಾಗಿ’ ಎಂಬ ಪದದ ಜಾಗಕ್ಕೆ ಅಂಕಿ ಬಂತು. ‘ಫಲಿತಾಂಶಗಳನ್ನು ಚರ್ಚಿಸಲಾಗಿದೆ’ ಎಂದು ಮುಗಿಸುವ ರೂಢಿಯೂ ಬಹಳ ಇದೆ; ಆ ವಾಕ್ಯಕ್ಕೆ ‘ಫ’ ಗುರುತು ಹಾಕಬೇಡಿ, ಅದರಲ್ಲಿ ಫಲಿತವೇ ಇಲ್ಲ. ಸಾಹಿತ್ಯ, ಇತಿಹಾಸದ ಪ್ರಬಂಧಗಳಲ್ಲಿ ಅಂಕಿ ಇಲ್ಲದಿರಬಹುದು. ಅಲ್ಲಿ ನೀವು ತಲುಪಿದ ನಿಲುವೇ ಫಲಿತ, ಅದನ್ನೇ ನೇರವಾಗಿ ಬರೆಯಬೇಕು.

ಮೊಟಕುಗೊಳಿಸುವ ಭರದಲ್ಲಿ ‘ಒಂದು ಮುಂಗಾರಿನಲ್ಲಿ’ ಎಂಬುದನ್ನು ಮಾತ್ರ ಹೊಡೆದುಹಾಕಬೇಡಿ. ಅದು ಹೋದರೆ ಒಂದೇ ವರ್ಷದ ಫಲಿತ ಎಲ್ಲ ವರ್ಷಗಳಿಗೂ ಅನ್ವಯಿಸುವಂತೆ ಓದಿಸಿಕೊಳ್ಳುತ್ತದೆ. ಪ್ರಾಚೀನ ಕಾಲದ ಕೆರೆಗಳ ಮಾತು ಮೊದಲ ಅಧ್ಯಾಯಕ್ಕೆ ಹೋಗಲಿ.