60ರ ನಂತರದ ಖರ್ಚಿಗೆ ಈಗ ಎಷ್ಟು ಉಳಿಸಬೇಕು?

ನನಗೀಗ 35. ಖಾನಾಪುರದ ನಮ್ಮ ಮನೆಯ ಲೆಕ್ಕವನ್ನೇ ಇಲ್ಲಿ ಇಡ್ತೀನಿ.

ಕಿರಾಣಿ, ಕರೆಂಟು, ಬೆಳಗಾವಿಯ ದವಾಖಾನೆ ಸೇರಿ ಇಬ್ಬರಿಗೆ ತಿಂಗಳಿಗೆ 10,000 ರೂಪಾಯಿ ಬೇಕು. ಹೊಲದ ಅಕ್ಕಿಗೂ ಪೇಟೆ ದರ ಹಾಕಿದ್ದೇನೆ. ದುಡಿಯಲಾಗದಾಗ ಅದನ್ನೂ ಕೊಳ್ಳಬೇಕಲ್ಲ. 60ರಿಂದ 85ರವರೆಗೆ, ಬಡ್ಡಿಯು ಬೆಲೆಯೇರಿಕೆಯನ್ನಷ್ಟೇ ಸರಿದೂಗಿಸಿದರೆ, ಇಂದಿನ ಬೆಲೆಯಲ್ಲಿ 30 ಲಕ್ಷ ಬೇಕು.

ಅಲ್ಲಿಯವರೆಗೆ ಉಳಿತಾಯವು ಬೆಲೆಯೇರಿಕೆಗಿಂತ ವರ್ಷಕ್ಕೆ ಶೇ 2ರಷ್ಟು ಹೆಚ್ಚು ಬೆಳೆದರೆ, 35ರಲ್ಲಿ ಶುರು ಮಾಡುವವರು ತಿಂಗಳಿಗೆ ಸುಮಾರು 7,700 ರೂಪಾಯಿ ಉಳಿಸಬೇಕು. 45ರಲ್ಲಾದರೆ 14,300. ಬೆಲೆ ಏರಿದಂತೆ ಈ ಕಂತನ್ನೂ ಪ್ರತಿವರ್ಷ ಏರಿಸಬೇಕು. ನಮಗೆ ತಿಂಗಳ ಪಗಾರ ಇಲ್ಲ. ಹಾಗಾಗಿ ವರ್ಷದ 92,400 ರೂಪಾಯಿಯನ್ನು ಸುಗ್ಗಿಯಲ್ಲೇ ತೆಗೆದಿಡಿ.

ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆಗೆ 2 ಹೆಕ್ಟೇರ್‌ವರೆಗಿನ ರೈತರು 40ರೊಳಗೆ ಸೇರಬಹುದು. 35ರಲ್ಲಿ ಸೇರಿದವರು ತಿಂಗಳಿಗೆ 150 ರೂಪಾಯಿ ಕಟ್ಟಿದರೆ ಕೇಂದ್ರವೂ ಅಷ್ಟೇ ಕಟ್ಟುತ್ತದೆ. 60ರಿಂದ ತಿಂಗಳಿಗೆ 3,000 ಬರುತ್ತದೆ. ಸೇರಿಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ, ಆಗಿನ 3,000 ಇಂದಿನ 700 ರೂಪಾಯಿಗೆ ಸಮ.

ಕಂತು ಭಾರವಾದರೆ ಗೋಡಂಬಿ ತೋಟದ ಕಡೆ ನೋಡಿ. ಫಸಲು ಗುತ್ತಿಗೆಗೆ ಕೊಟ್ಟು ತಿಂಗಳ ಸರಾಸರಿ 4,000 ಬರುವಂತಿದ್ದರೆ, ಬೇಕಾದ ಗಂಟು 18 ಲಕ್ಷಕ್ಕೆ, ಕಂತು ಸುಮಾರು 4,600ಕ್ಕೆ ಇಳಿಯುತ್ತದೆ.